‘ಕಟ್’ ಎಂಬ ಸದ್ದನ್ನೂ ಬರೆಯಿರಿ: ವಿಡಿಯೊಗೆ ಕನ್ನಡ ಕ್ಯಾಪ್ಶನ್, ಇಂಗ್ಲಿಷ್ ಸಬ್‌ಟೈಟಲ್, ಫೋಟೊಗೆ ವಿವರಣೆ

ಪ್ರಶ್ನೆ: ಸೈಕಲ್ ರಿಪೇರಿ ಬಗ್ಗೆ ಒಂದೂವರೆ ನಿಮಿಷದ ಚಿಕ್ಕ ವಿಡಿಯೊಗಳನ್ನು ಹಾಕುತ್ತೇನೆ. ಕಿವಿ ಕೇಳದ ಒಬ್ಬರು ‘ಕೈ ಕಾಣುತ್ತದೆ, ಮಾತು ಗೊತ್ತಾಗುವುದಿಲ್ಲ’ ಎಂದು ಬರೆದರು. ತಾನಾಗಿಯೇ ಬರುವ ಕ್ಯಾಪ್ಶನ್ ಹಾಕಿದರೆ ತಪ್ಪುಗಳೇ ತಪ್ಪುಗಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸರಿಯಾಗಿ ಹಾಕುವುದು ಹೇಗೆ? ಫೋಟೊಗಳಿಗೆ ‘ಆಲ್ಟ್ ಟೆಕ್ಸ್ಟ್’ ಬರೆಯಿರಿ ಎನ್ನುತ್ತಾರೆ, ಅದರಲ್ಲಿ ಏನಿರಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಕನ್ನಡ ಫೈಲನ್ನು ಕೈಯಾರೆ ಚೆನ್ನಾಗಿ ಮಾಡಿಕೊಳ್ಳಿ. ಇಂಗ್ಲಿಷ್ ಅದರಿಂದಲೇ ಹುಟ್ಟುತ್ತದೆ, ಫೋಟೊದ ವಿವರಣೆಗೆ ಬೇಕಾದ ಮಾತುಗಳೂ ಅರ್ಧ ಅಲ್ಲೇ ಸಿಗುತ್ತವೆ. ನಿಮ್ಮ ವಿಷಯದಿಂದಲೇ ಒಂದು ತುಣುಕನ್ನು ತೆಗೆದುಕೊಂಡು ಹೇಳುತ್ತೇನೆ. ಗೇರ್ ಸೈಕಲ್ಲಿನ ಚೈನಿನಲ್ಲಿ ಒಂದು ಕೊಂಡಿ ಬಿಗಿಯಾಗಿದೆ, ಅದನ್ನು ಹುಡುಕಿ ಸಡಿಲಿಸುವುದನ್ನು ನೀವು ತೋರಿಸುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತೀರಿ. ಎರಡು ಮೂರು ಸುತ್ತಿಗೊಮ್ಮೆ ‘ಕಟ್’ ಎನ್ನುತ್ತದೆ. ‘ಕೇಳಿಸ್ತಲ್ಲ? ಇದೇ’ ಎನ್ನುತ್ತೀರಿ.

ಈ ‘ಇದೇ’ ಎಂಬಲ್ಲೇ ಕಿವಿ ಕೇಳದವರು ಹೊರಗುಳಿಯುವುದು. ನಿಮ್ಮ ಮಾತನ್ನು ಒಂದಕ್ಷರ ಬಿಡದೆ ಬರೆದರೂ ಅವರಿಗೆ ಸಿಗುವುದು ‘ಕೇಳಿಸ್ತಲ್ಲ? ಇದೇ’ ಅಷ್ಟೇ. ಏನು ಕೇಳಿಸಿತು? ಎಣ್ಣೆಯಿಲ್ಲದ ಚೈನ್ ಬಿಡದೆ ಕಿರಕಿರ ಎನ್ನುತ್ತದೆ. ಬಿಗಿ ಕೊಂಡಿ ಒಂದೇ ಅಂತರದಲ್ಲಿ ಕಟ್ ಎನ್ನುತ್ತದೆ. ಎರಡಕ್ಕೂ ಮದ್ದು ಬೇರೆ. ಇಲ್ಲಿ ಸದ್ದೇ ರೋಗಲಕ್ಷಣ, ಆದ್ದರಿಂದ ಸದ್ದನ್ನೂ ಅದರ ಲಯವನ್ನೂ ಬರೆಯಬೇಕು. ಕ್ಯಾಪ್ಶನ್ ಮತ್ತು ಸಬ್‌ಟೈಟಲ್ ನಡುವಿನ ವ್ಯತ್ಯಾಸವೂ ಇಲ್ಲೇ ಇದೆ. ಸಬ್‌ಟೈಟಲ್ ಎಂದರೆ ಕಿವಿ ಕೇಳುವ, ಆದರೆ ಭಾಷೆ ಬಾರದವರಿಗೆ ಮಾತನ್ನು ದಾಟಿಸುವುದು. ಕ್ಯಾಪ್ಶನ್ ಕಿವಿಯ ಕೆಲಸವನ್ನೇ ಮಾಡಬೇಕು. ಮಾತು, ಯಾರ ಮಾತು, ಅರ್ಥವುಳ್ಳ ಸದ್ದು, ಎಲ್ಲವೂ ಅದರಲ್ಲಿರಬೇಕು. ಹಿನ್ನೆಲೆಯಲ್ಲಿ ಹಾದುಹೋದ ವಾಹನದ ಹಾರ್ನ್ ಬರೆಯಬೇಕಾಗಿಲ್ಲ. ಅದಕ್ಕೆ ನೀವು ತಿರುಗಿ ನೋಡಿದ್ದರೆ ಮಾತ್ರ ಬರೆಯಿರಿ, ಇಲ್ಲವಾದರೆ ನೀವೇಕೆ ತಿರುಗಿದಿರಿ ಎಂದು ನೋಡುವವರಿಗೆ ಗೊಂದಲವಾಗುತ್ತದೆ.

ಫೈಲ್ ತುಂಬಾ ಸರಳ. ನೋಟ್‌ಪ್ಯಾಡಿನಲ್ಲೇ ಬರೆಯಬಹುದು, ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಸಮಯ ಹೊಂದಿಸುವುದು ಸುಲಭವಾಗುತ್ತದೆ. ಎಸ್‌ಆರ್‌ಟಿ ಎಂಬ ಈ ಬಗೆಯ ಫೈಲಿನಲ್ಲಿ ಪ್ರತಿ ತುಣುಕಿಗೂ ಒಂದು ಕ್ರಮಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಸಮಯ, ಸಾಲು, ಕೊನೆಗೆ ಒಂದು ಖಾಲಿ ಸಾಲು ಇರುತ್ತವೆ.

```
1
00:00:04,200 --> 00:00:07,600
ಪೆಡಲನ್ನು ಹಿಂದಕ್ಕೆ ತಿರುಗಿಸಿ,
ಸದ್ದು ಗಮನಿಸಿ.

2
00:00:07,800 --> 00:00:11,000
[ಕಟ್... ಕಟ್... ಒಂದೇ ಅಂತರದಲ್ಲಿ]

3
00:00:11,200 --> 00:00:14,400
ಕೇಳಿಸಿತಲ್ಲ? ಇದೇ ಬಿಗಿ ಕೊಂಡಿ.
```

ಸೆಕೆಂಡಾದ ಮೇಲೆ ಬರುವುದು ಅಲ್ಪವಿರಾಮ, ಚುಕ್ಕಿಯಲ್ಲ. ಸಮಯವನ್ನು ಕನ್ನಡ ಅಂಕಿಗಳಲ್ಲಿ ಬರೆದರೆ ಫೈಲ್ ಓದಿಸಿಕೊಳ್ಳುವುದಿಲ್ಲ, ಅಲ್ಲಿ 0, 1, 2 ಎಂದೇ ಇರಬೇಕು. ಉಳಿಸುವಾಗ `UTF-8` ಆಯ್ಕೆ ಮಾಡಿ, `ANSI` ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡುವ ಅಭ್ಯಾಸವಿದ್ದರೆ ಯೂನಿಕೋಡ್ ಆಯ್ಕೆಯಲ್ಲಿದೆಯೇ ನೋಡಿಕೊಳ್ಳಿ. ಹಳೆಯ ಫಾಂಟಿನಲ್ಲಿ ಬರೆದದ್ದು ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಅಪ್‌ಲೋಡ್ ಆದ ಮೇಲೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ.

ಇನ್ನು ಮಾತನ್ನು ಎಲ್ಲಿ ತುಂಡು ಮಾಡಬೇಕು ಎಂಬುದು. ಕನ್ನಡದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ ಎಂದು ನನ್ನ ಅನುಭವ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬೇಡ ಎನ್ನುವುದು ಆ ಕ್ರಿಯಾಪದದ ಬಾಲದಲ್ಲಿರುತ್ತದೆ. ಮೊದಮೊದಲು ನಾನು ಮಾಡಿದ ಒಂದು ಕೆಲಸದಲ್ಲಿ ‘ತಿರುಗುವಾಗ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ’ ಎಂಬಂಥ ಮಾತಿತ್ತು. ಸಾಲು ಉದ್ದವಾಯಿತೆಂದು ‘ಮುಟ್ಟಿ’ ಆದ ಮೇಲೆ ಕತ್ತರಿಸಿದೆ. ಪರದೆಯ ಮೇಲೆ ಮೂರು ಸೆಕೆಂಡು ನಿಂತದ್ದು ಏನು? ‘ತಿರುಗುವಾಗ ಕೊಂಡಿಯನ್ನು ಬೆರಳಿನಿಂದ ಮುಟ್ಟಿ’. ‘ನೋಡಬೇಡಿ’ ಮುಂದಿನ ತುಣುಕಿನಲ್ಲಿ ಒಂಟಿಯಾಗಿ ಬಂತು. ‘ಮುಟ್ಟಿ’ ಎಂಬುದು ಮುಟ್ಟಿಕೊಂಡು ಎಂಬ ಅರ್ಥಕ್ಕೂ ಮುಟ್ಟಿರಿ ಎಂಬ ಅಪ್ಪಣೆಗೂ ಒಂದೇ ರೂಪ. ಕೇಳುವವರಿಗೆ ದನಿಯ ಏರಿಳಿತದಿಂದ ಮಾತು ಮುಗಿದಿಲ್ಲ ಎಂದು ತಿಳಿಯುತ್ತದೆ. ಓದುವವರಿಗೆ ದನಿಯಿಲ್ಲ. ‘ಮುಟ್ಟಬೇಕೋ, ಬೇಡವೋ?’ ಎಂದು ಒಬ್ಬರು ಕೇಳಿದಾಗ ನನ್ನ ತಪ್ಪು ಗೊತ್ತಾಯಿತು. ಅಂದಿನಿಂದ ಎಚ್ಚರಿಕೆಯ ಮಾತನ್ನು ಎಂದೂ ಎರಡು ತುಣುಕಿಗೆ ಹಂಚಿಲ್ಲ. ಉದ್ದವಾದರೆ ಪದ ಕಡಿಮೆ ಮಾಡುತ್ತೇನೆ, ಸಾಲನ್ನು ‘ಮುಟ್ಟಿ’ಗೆ ಮೊದಲೇ ಮುರಿಯುತ್ತೇನೆ:

```
4
00:00:14,600 --> 00:00:18,000
ಪೆಡಲ್ ತಿರುಗುವಾಗ ಕೊಂಡಿಯನ್ನು
ಮುಟ್ಟಿ ನೋಡಬೇಡಿ.
```

ಮಾಡಿ, ತಿರುಗಿಸಿ, ಬಗ್ಗಿಸಿ, ಒರೆಸಿ ಎಂಬ ರೂಪಗಳಲ್ಲಿ ಕೊನೆಗೊಳ್ಳುವ ಪ್ರತಿ ತುಣುಕನ್ನೂ ಇದೇ ಅನುಮಾನದಿಂದ ಒಮ್ಮೆ ನೋಡಿ. ಮುಂದಿನದು ಬರುವ ಮೊದಲು ಇದನ್ನೇ ಪೂರ್ತಿ ಮಾತು ಎಂದುಕೊಂಡರೆ ಅನಾಹುತವಾಗುತ್ತದೆಯೇ ಎಂದು ಕೇಳಿಕೊಳ್ಳಿ.

ವೇಗದ ಲೆಕ್ಕದಲ್ಲೂ ಇಂಗ್ಲಿಷಿನ ಅಳತೆಗೋಲು ನಮಗೆ ಹೊಂದುವುದಿಲ್ಲ. ತಂತ್ರಾಂಶಗಳು ಸೆಕೆಂಡಿಗೆ ಇಷ್ಟು ಅಕ್ಷರ ಎಂದು ತೋರಿಸುತ್ತವೆ, ಮೀರಿದರೆ ಕೆಂಪು ಬಣ್ಣ ಬರುತ್ತದೆ. ಅವುಗಳಲ್ಲಿ ಹಲವು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಸಂಕೇತಗಳ ಲೆಕ್ಕದಲ್ಲಿ ಅದು ಆರು: ಸ, ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ಈಕಾರ. ಆದ್ದರಿಂದ ಒತ್ತಕ್ಷರ ಹೆಚ್ಚಿರುವ ಸಾಲು ಓದಲು ಸಲೀಸಾಗಿದ್ದರೂ ಕೆಂಪಾಗಬಹುದು. ಪದಗಳನ್ನು ಎಣಿಸಿದರೂ ಮೋಸ ಹೋಗುತ್ತೇವೆ. ‘ಬಗ್ಗಿಸಬೇಕಾಗುತ್ತದೆ’ ಎಂಬುದು ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಅದೇ ನಾಲ್ಕೈದು ಪದ. ನಾನು ಇಟ್ಟುಕೊಂಡಿರುವ ಲೆಕ್ಕ ಸೆಕೆಂಡಿಗೆ ಸುಮಾರು ಎರಡು ಕನ್ನಡ ಪದ, ಒಂದು ತುಣುಕಿಗೆ ಎರಡೇ ಸಾಲು. ತುಣುಕು ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಬಾರದು, ಏಳಕ್ಕಿಂತ ಹೆಚ್ಚು ನಿಂತರೆ ಓದಿದ್ದನ್ನೇ ಮತ್ತೆ ಓದುವಂತಾಗುತ್ತದೆ. ಆದರೆ ಕೊನೆಯ ತೀರ್ಪು ಲೆಕ್ಕದ್ದಲ್ಲ. ಫೈಲ್ ಮಾಡಿ ಒಂದು ದಿನ ಬಿಡಿ. ಮಾರನೆಯ ದಿನ ದನಿ ಪೂರ್ತಿ ಆರಿಸಿ ಫೋನಿನಲ್ಲಿ ನೋಡಿ. ನಿಮ್ಮ ವಿಡಿಯೊದಲ್ಲಿ ಕಣ್ಣು ಓದಲೂ ಬೇಕು, ಕೈಯನ್ನೂ ನೋಡಬೇಕು. ಓದಿ ಮುಗಿಸಿ ಕೈಯತ್ತ ನೋಡುವಷ್ಟರಲ್ಲಿ ತುಣುಕು ಬದಲಾದರೆ ಅಲ್ಲಿ ಪದಗಳು ಜಾಸ್ತಿಯಾದವು ಎಂದೇ ಅರ್ಥ.

ಆಡುಮಾತನ್ನು ಹಾಗೆಯೇ ಬರೆಯಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ‘ಇದ್ನ ಹಿಂಗ್ ಹಿಡ್ಕೊಂಡ್ ಬಗ್ಗಿಸ್ಬಿಡಿ’ ಎಂದು ನೀವು ಹೇಳಿದರೆ ಕ್ಯಾಪ್ಶನ್ ಏನಾಗಬೇಕು? ನಾನು ಪದಗಳನ್ನು ನಿಮ್ಮವೇ ಇಟ್ಟು, ನುಂಗಿಹೋದ ಅಕ್ಷರಗಳನ್ನು ಮಾತ್ರ ವಾಪಸ್ ತರುತ್ತೇನೆ: ‘ಇದನ್ನು ಹಿಂಗೆ ಹಿಡಿದುಕೊಂಡು ಬಗ್ಗಿಸಿಬಿಡಿ’. ಓದುವ ಕಣ್ಣು ಪದದ ಪರಿಚಿತ ಆಕಾರವನ್ನು ಹಿಡಿಯುತ್ತದೆ, ‘ಹಿಡ್ಕೊಂಡ್’ ಎಂಬಲ್ಲಿ ಒಂದು ಕ್ಷಣ ತಡವರಿಸುತ್ತದೆ. ಹಾಗೆಂದು ‘ಇದನ್ನು ಈ ರೀತಿಯಾಗಿ ಹಿಡಿದು ಬಾಗಿಸತಕ್ಕದ್ದು’ ಎಂದು ಪುಸ್ತಕದ ಭಾಷೆಗೆ ತಿರುಗಿಸಬೇಡಿ. ತುಟಿಯ ಚಲನೆಯನ್ನೂ ನೋಡುತ್ತ ಓದುವವರಿದ್ದಾರೆ. ತುಟಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಎರಡನ್ನೂ ನಂಬುವುದು ಕಷ್ಟ. ಸಂಜ್ಞೆ ಭಾಷೆಯೇ ಮೊದಲ ಭಾಷೆಯಾಗಿರುವವರಿಗೆ ಕನ್ನಡ ಎರಡನೆಯದು, ಅವರಿಗೆ ಚಿಕ್ಕ ವಾಕ್ಯ ನಿಜಕ್ಕೂ ನೆರವಾಗುತ್ತದೆ. ಕಥೆ ಹೇಳುವ ಅಥವಾ ನಗಿಸುವ ವಿಡಿಯೊ ಆಗಿದ್ದರೆ ನನ್ನ ಮಾತು ಬೇರೆ. ಅಲ್ಲಿ ಮಾತಿನ ಸೊಗಡೇ ವಿಷಯ, ಹಾಗಾಗಿ ಒಂದಕ್ಷರವನ್ನೂ ತಿದ್ದಬಾರದು.

ಮೇಲಿನ ವಾಕ್ಯದಲ್ಲಿ ‘ಇದನ್ನು ಹಿಂಗೆ’ ಎಂದಿದೆಯಲ್ಲ, ಅದು ಇನ್ನೊಂದು ಬಾಗಿಲು ಮುಚ್ಚುತ್ತದೆ. ಕಣ್ಣು ಕಾಣದವರಿಗೆ ‘ಇದು’ ಯಾವುದು, ‘ಹಿಂಗೆ’ ಅಂದರೆ ಹೇಗೆ? ಫೋಟೊಗೆ ವಿವರಣೆ ಬರೆಯಲು ಜಾಗವಿರುತ್ತದೆ, ಓಡುವ ವಿಡಿಯೊದ ಪ್ರತಿ ದೃಶ್ಯಕ್ಕೆ ಅಂಥ ಜಾಗವಿಲ್ಲ. ಆದ್ದರಿಂದ ವಿವರಣೆಯನ್ನು ನಿಮ್ಮ ಮಾತಿನೊಳಗೇ ಸೇರಿಸಿ. ‘ಬಿಗಿ ಕೊಂಡಿಯ ಎಡಕ್ಕೊಂದು ಬಲಕ್ಕೊಂದು ಹೆಬ್ಬೆರಳಿಟ್ಟು ಚೈನನ್ನು ಹಿಡೀರಿ, ನಿಮ್ಮ ಕಡೆ ಒಮ್ಮೆ, ಆಚೆ ಕಡೆ ಒಮ್ಮೆ ಮೆಲ್ಲಗೆ ಬಗ್ಗಿಸಿ’ ಎನ್ನಿ. ಎರಡೋ ಮೂರೋ ಸೆಕೆಂಡು ಹೆಚ್ಚಾಗುತ್ತದೆ, ಅಷ್ಟೇ. ಮಾತು ಹೀಗಿದ್ದರೆ ನೋಡದೆ ಕೇಳುವವರಿಗೂ ಕೆಲಸ ತಿಳಿಯುತ್ತದೆ, ಕ್ಯಾಪ್ಶನ್ ಕೂಡ ತಾನಾಗಿಯೇ ಸ್ಪಷ್ಟವಾಗುತ್ತದೆ. ಚಿತ್ರೀಕರಣಕ್ಕೆ ಮೊದಲು ಕಣ್ಣು ಮುಚ್ಚಿಕೊಂಡು ಒಮ್ಮೆ ಇಡೀ ಮಾತನ್ನು ಹೇಳಿ ನೋಡಿ. ‘ಇದು’, ‘ಅದು’, ‘ಹೀಗೆ’ ಬಂದಲ್ಲೆಲ್ಲ ವಸ್ತುವಿನ ಹೆಸರು ಅಥವಾ ದಿಕ್ಕು ಹಾಕಿ.

ಇಂಗ್ಲಿಷ್ ಫೈಲಿಗೆ ಬರೋಣ. ಕನ್ನಡ ಫೈಲಿನ ಪ್ರತಿ ಮಾಡಿ, ಸಮಯವನ್ನು ಮುಟ್ಟದೆ ಸಾಲುಗಳನ್ನು ಮಾತ್ರ ಬದಲಿಸಿ. ಮಾತಿನ ಜೊತೆ ಸರಿಹೊಂದಿದ ಸಮಯ ಆಗಲೇ ಸಿದ್ಧವಿದೆ. ಆವರಣದಲ್ಲಿ ಬರೆದ ಸದ್ದುಗಳನ್ನು ಇಲ್ಲಿಯೂ ಉಳಿಸಿಕೊಳ್ಳಿ, ಕನ್ನಡ ಬಾರದವರಲ್ಲೂ ಕಿವಿ ಕೇಳದವರಿದ್ದಾರೆ.

```
2
00:00:07,800 --> 00:00:11,000
[clicking, at regular intervals]

4
00:00:14,600 --> 00:00:18,000
Don't touch the link
while the pedal is turning.
```

ನಾಲ್ಕನೆಯ ತುಣುಕನ್ನು ನೋಡಿ, ಕನ್ನಡದಲ್ಲಿ ಕೊನೆಗಿದ್ದ ‘ಬೇಡಿ’ ಇಂಗ್ಲಿಷಿನಲ್ಲಿ ಮೊದಲ ಪದವಾಯಿತು. ಎಚ್ಚರಿಕೆಯ ಮಾತು ಒಂದೇ ತುಣುಕಿನಲ್ಲಿದ್ದುದರಿಂದಲೇ ಅದು ಸಾಧ್ಯವಾದದ್ದು. ಎರಡು ತುಣುಕಿಗೆ ಹಂಚಿದ ಕನ್ನಡ ವಾಕ್ಯವನ್ನು ಅನುವಾದಿಸುವಾಗ ತುಣುಕಿಗೆ ತುಣುಕು ಎಂದು ಹೋಗಬೇಡಿ. ವಾಕ್ಯವನ್ನು ಪೂರ್ತಿ ಓದಿ, ಇಂಗ್ಲಿಷಿಗೆ ಸಹಜವಾದ ಕ್ರಮದಲ್ಲಿ ಬರೆದು, ಆಮೇಲೆ ಎರಡು ತುಣುಕಿಗೂ ಹಂಚಿ. ನಾವು ಕನ್ನಡದಲ್ಲಿ ಕರ್ತೃವನ್ನು ಬಿಟ್ಟೇ ಮಾತಾಡುತ್ತೇವೆ. ‘ಸಡಿಲ ಆಯ್ತು’ ಎಂದರೆ ಏನು ಸಡಿಲವಾಯಿತು ಎಂಬುದು ಇಂಗ್ಲಿಷಿನಲ್ಲಿ ಹೇಳಲೇಬೇಕಾಗುತ್ತದೆ. ಸಾಲಿಗೆ 42 ಅಕ್ಷರ ಎಂಬುದು ಇಂಗ್ಲಿಷಿಗೆ ಚಾಲ್ತಿಯಲ್ಲಿರುವ ಮಿತಿ, ಫೋನನ್ನು ನೆಟ್ಟಗೆ ಹಿಡಿದು ನೋಡುವ ವಿಡಿಯೊಗೆ ಇನ್ನೂ ಕಡಿಮೆಯಿದ್ದರೆ ಒಳ್ಳೆಯದು. ವಿಡಿಯೊದ ಮೇಲೆ ನೀವು ಕನ್ನಡದಲ್ಲಿ ಶೀರ್ಷಿಕೆ ಬರೆದಿದ್ದರೆ ಅದನ್ನೂ ಇಂಗ್ಲಿಷ್ ಫೈಲಿನಲ್ಲಿ ಸೇರಿಸಿ.

ಎರಡು ಫೈಲೂ ಕೈಯಲ್ಲಿವೆ. ಯೂಟ್ಯೂಬಿನಲ್ಲಿ ಸ್ಟುಡಿಯೊಗೆ ಹೋಗಿ `Subtitles` ಅಥವಾ `Languages` ಎಂಬಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಬೇರೆ ಬೇರೆ ಭಾಷೆಗಳಾಗಿ ಸೇರಿಸಬಹುದು. ಫೇಸ್‌ಬುಕ್ಕಿಗೆ ಫೈಲಿನ ಹೆಸರಿನಲ್ಲೇ ಭಾಷೆ ಇರಬೇಕು, `chain.kn_IN.srt`, `chain.en_US.srt` ಎಂದು. ಹೀಗೆ ಬೇರೆ ಫೈಲಾಗಿ ಕೊಟ್ಟರೆ ನೋಡುವವರು ಬೇಕಾದ ಭಾಷೆ ಆಯ್ದುಕೊಳ್ಳಬಹುದು, ಬೇಡವೆಂದರೆ ಆಫ್ ಮಾಡಬಹುದು, ಎಷ್ಟೋ ಕಡೆ ಅಕ್ಷರದ ಗಾತ್ರವನ್ನೂ ಹೆಚ್ಚಿಸಿಕೊಳ್ಳಬಹುದು. ಸಾಧ್ಯವಿದ್ದಲ್ಲೆಲ್ಲ ಇದೇ ಮಾಡಿ. ಫೈಲ್ ತೆಗೆದುಕೊಳ್ಳದ ಜಾಗಗಳಿಗೆ ಮಾತ್ರ ಅಕ್ಷರಗಳನ್ನು ವಿಡಿಯೊದ ಚಿತ್ರದಲ್ಲೇ ಅಚ್ಚೊತ್ತಬೇಕು. ಆಗ ಎರಡೂ ಭಾಷೆಯನ್ನು ಒಟ್ಟಿಗೆ ಹಾಕಬೇಡಿ. ನಾಲ್ಕು ಸಾಲುಗಳು ಕೈಯನ್ನೂ ಚೈನನ್ನೂ ಮುಚ್ಚಿಬಿಡುತ್ತವೆ, ಓದಲೂ ಆಗುವುದಿಲ್ಲ. ಕನ್ನಡವನ್ನು ಅಚ್ಚೊತ್ತಿ, ಇಂಗ್ಲಿಷಿನದ್ದನ್ನು ಬೇರೆಯೇ ಪ್ರತಿಯಾಗಿ ಹಾಕಿ.

ಅಚ್ಚೊತ್ತುವಾಗ ಕನ್ನಡ ಲಿಪಿಗೆ ಬರುವ ತೊಂದರೆಗಳು ಕಣ್ಣಿಗೆ ಕಾಣುವಂಥವು. ಕೆಲವು ಎಡಿಟಿಂಗ್ ಆಪ್‌ಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ಹಿಂದಕ್ಕೆ’ ಎಂಬುದು ‘ಹಿಂದಕ್‌ಕೆ’ ಎಂದಾಗುತ್ತದೆ, ‘ಅರ್ಥ’ ಎಂಬುದು ‘ಅರ್‌ಥ’ ಎಂದಾಗುತ್ತದೆ. ಹೊಸ ಆಪ್ ಬಳಸುವ ಮೊದಲು ‘ಸ್ತ್ರೀ, ಅರ್ಥ, ಕ್ಷಣ, ಜ್ಞಾನ, ಹಿಂದಕ್ಕೆ’ ಎಂದು ಒಂದು ಸಾಲು ಹಾಕಿ ವಿಡಿಯೊ ಹೊರತೆಗೆದು ನೋಡಿ. ಎಡಿಟಿಂಗ್ ಪರದೆಯಲ್ಲಿ ಸರಿ ಕಂಡದ್ದು ಹೊರಬಂದ ವಿಡಿಯೊದಲ್ಲಿ ಮುರಿದಿರಬಹುದು, ಆದ್ದರಿಂದ ನೋಡಬೇಕಾದದ್ದು ಹೊರಬಂದದ್ದನ್ನೇ. ಕಂಪ್ಯೂಟರಿನಲ್ಲಿ ಮಾಡುವುದಾದರೆ `ffmpeg` ಎಂಬ ಉಚಿತ ತಂತ್ರಾಂಶದ ಈ ಒಂದು ಆಜ್ಞೆ ಸಾಕು, ನೋಟೊ ಸಾನ್ಸ್ ಕನ್ನಡ ಫಾಂಟ್ ಮೊದಲೇ ಹಾಕಿಕೊಂಡಿರಬೇಕು:

```
ffmpeg -i chain.mp4 -vf "subtitles=chain.kn_IN.srt:force_style='FontName=Noto Sans Kannada'" -c:a copy chain-kn.mp4
```

ಇನ್ನೊಂದು, ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೆ ಏರುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ‘ಕ್ಕೆ’ಯ ಒತ್ತು ಕೆಳಗಿನ ಸಾಲಿನ ‘ಕಿ’ಯ ತಲೆಗೆ ತಾಗುತ್ತದೆ. ಅಂತರ ಹೆಚ್ಚಿಸಲು ಆಗದಿದ್ದರೆ ಒಂದೇ ಸಾಲಿನ ತುಣುಕು ಮಾಡಿ. ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ದ’, ‘ಧ’, ‘ಥ’ ಇವುಗಳ ವ್ಯತ್ಯಾಸ ಒಂದು ಪುಟ್ಟ ಸೀಳಿನಲ್ಲಿ, ಒಂದು ಚುಕ್ಕಿಯಲ್ಲಿದೆ, ಚಿಕ್ಕ ಪರದೆಯಲ್ಲಿ ದಪ್ಪ ಅಂಚು ಅದನ್ನು ನುಂಗಿಬಿಡುತ್ತದೆ. ಬಿಳಿ ಅಕ್ಷರ, ಹಿಂದೆ ಕಪ್ಪು ಪಟ್ಟಿ, ಇಷ್ಟು ಸಾಕು. ನಿಲುವು ವಿಡಿಯೊದಲ್ಲಿ ಕೆಳಭಾಗವನ್ನೂ ಬಲ ಅಂಚನ್ನೂ ಖಾತೆಯ ಹೆಸರು, ಆಪ್‌ನ ಗುಂಡಿಗಳು ಆಕ್ರಮಿಸುತ್ತವೆ, ಆದ್ದರಿಂದ ಪಟ್ಟಿಯನ್ನು ತಳದಿಂದ ಸಾಕಷ್ಟು ಮೇಲಿಡಿ. ಅಚ್ಚೊತ್ತಿದ ಅಕ್ಷರ ಬರೀ ಚಿತ್ರ, ಪರದೆಯಲ್ಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಓದಲಾರದು, ಬ್ರೈಲ್ ಡಿಸ್‌ಪ್ಲೇಗೂ ಸಿಗದು. ಕಣ್ಣು, ಕಿವಿ ಎರಡೂ ಇಲ್ಲದವರು ಬೆರಳಿನಿಂದ ಓದುವುದು ಆ ಡಿಸ್‌ಪ್ಲೇಯಲ್ಲಿ. ಆದ್ದರಿಂದ ಸಮಯಗಳನ್ನು ತೆಗೆದು, ಮಾತು ಮತ್ತು ಸದ್ದುಗಳ ಪೂರ್ತಿ ಪಠ್ಯವನ್ನು ವಿಡಿಯೊದ ಕೆಳಗಿನ ಬರಹದಲ್ಲೂ ಹಾಕಿಬಿಡಿ.

ಕೊನೆಗೆ ಫೋಟೊ. ಇದೇ ಕೆಲಸದ ಒಂದು ಚಿತ್ರ ಹಾಕುತ್ತೀರಿ ಎನ್ನೋಣ. ಪೋಸ್ಟ್ ಮಾಡುವ ಪರದೆಯಲ್ಲಿ `Alt text` ಎಂಬ ಜಾಗವಿರುತ್ತದೆ, ಅಲ್ಲಿ ಬರೆದದ್ದನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ‘ಸೈಕಲ್ ಚೈನಿನ ಚಿತ್ರ’ ಎಂದು ಬರೆದರೆ ಏನೂ ಬರೆಯದಂತೆಯೇ. ಚಿತ್ರ ಎಂಬುದನ್ನು ಸ್ಕ್ರೀನ್ ರೀಡರ್ ಮೊದಲೇ ಹೇಳಿರುತ್ತದೆ. ಸೈಕಲ್ಲಿನ ಬಣ್ಣ, ಹಿಂದಿನ ಗೋಡೆ, ನೀವು ಹಾಕಿದ ಅಂಗಿ ಎಂದು ಎಲ್ಲವನ್ನೂ ಸುರಿದರೆ ಬೇಕಾದದ್ದು ಅದರಡಿ ಹೂತುಹೋಗುತ್ತದೆ. ಈ ಚಿತ್ರವನ್ನು ಏತಕ್ಕೆ ಹಾಕಿದೆ ಎಂದು ಕೇಳಿಕೊಳ್ಳಿ. ಬಿಗಿ ಕೊಂಡಿ ಹೇಗೆ ಕಾಣುತ್ತದೆ, ಕೈ ಎಲ್ಲಿಡಬೇಕು ಎಂದು ತೋರಿಸಲು ಹಾಕಿದ್ದೀರಿ. ಹಾಗಾದರೆ ಬರೆಯಬೇಕಾದದ್ದು ಇದು: ‘ಚೈನಿನ ಒಂದು ಕೊಂಡಿ ಉಳಿದವುಗಳಂತೆ ನೇರವಾಗಿಲ್ಲ, ಗೂನಿನಂತೆ ಸ್ವಲ್ಪ ಮೇಲೆದ್ದು ನಿಂತಿದೆ. ಎರಡು ಹೆಬ್ಬೆರಳುಗಳು ಆ ಕೊಂಡಿಯ ಎಡಬಲದಲ್ಲಿ ಚೈನನ್ನು ಹಿಡಿದು ಅಡ್ಡಕ್ಕೆ ಬಗ್ಗಿಸುತ್ತಿವೆ.’ ಮುಖ್ಯವಾದದ್ದು ಮೊದಲ ವಾಕ್ಯದಲ್ಲೇ ಬರಲಿ, ಏಕೆಂದರೆ ಕೇಳುವವರು ನಡುವೆಯೇ ಮುಂದಿನ ಪೋಸ್ಟಿಗೆ ಹೋಗಬಹುದು. ಇದೇ ಚಿತ್ರವನ್ನು ನಿಮ್ಮ ಹೊಸ ಸೈಕಲ್ಲನ್ನು ತೋರಿಸಲು ಹಾಕಿದ್ದರೆ ಬಣ್ಣವೇ ಮೊದಲು ಬರಬೇಕಾಗಿತ್ತು. ಚಿತ್ರದ ಮೇಲೆ ಅಕ್ಷರಗಳಿದ್ದರೆ ಅವೆಲ್ಲವೂ ವಿವರಣೆಯಲ್ಲಿರಲಿ. ಒಂದೇ ಪೋಸ್ಟಿನಲ್ಲಿ ಐದು ಚಿತ್ರವಿದ್ದರೆ ಐದಕ್ಕೂ ಬೇರೆ ಬೇರೆ ಬರೆಯಿರಿ.

ಭಾಷೆಯ ಬಗ್ಗೆ ಒಂದು ಮಾತು. ಪೋಸ್ಟ್ ಕನ್ನಡದ್ದಾದರೆ ವಿವರಣೆಯನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ನಡುನಡುವೆ ಇಂಗ್ಲಿಷ್ ಅಕ್ಷರ ಬಂದರೆ ಓದುವ ದನಿ ಬದಲಾಗಬಹುದು, ಅಥವಾ ಆ ಪದವನ್ನು ವಿಚಿತ್ರವಾಗಿ ಉಚ್ಚರಿಸಬಹುದು. ‘ಚೈನ್’ ಎಂದು ಕನ್ನಡದಲ್ಲಿ ಬರೆದರೆ ಸಲೀಸಾಗಿ ಓದುತ್ತದೆ. ಇಂಗ್ಲಿಷ್ ವಿವರಣೆಯೂ ಬೇಕೆನಿಸಿದರೆ ಕನ್ನಡ ಪೂರ್ತಿ ಮುಗಿದ ಮೇಲೆ ಅದನ್ನು ಬರೆಯಿರಿ. ಸಾಲುಗಟ್ಟಿದ ಎಮೋಜಿಗಳನ್ನು ಸ್ಕ್ರೀನ್ ರೀಡರ್ ಒಂದೊಂದಾಗಿ ಹೆಸರು ಹೇಳಿ ಓದುತ್ತದೆ, ಹತ್ತು ಬೆಂಕಿಯ ಗುರುತು ಹಾಕಿದರೆ ಹತ್ತು ಸಲ ಬೆಂಕಿ ಎಂದು ಕೇಳಿಸಿಕೊಳ್ಳಬೇಕಾಗಬಹುದು.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ `TalkBack` ಎಂಬ ಸ್ಕ್ರೀನ್ ರೀಡರ್ ಚಾಲೂ ಮಾಡಿ, ಪರದೆಯತ್ತ ನೋಡದೆ ನಿಮ್ಮದೇ ಪೋಸ್ಟನ್ನು ಕೇಳಿ. ಅದು ಶುರುವಾದ ಮೇಲೆ ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ಬಡಿದರೆ ತೆರೆಯುತ್ತದೆ. ಅದನ್ನು ಆಫ್ ಮಾಡುವ ಬಗೆಯನ್ನು ಮೊದಲೇ ತಿಳಿದುಕೊಂಡಿರಿ. ಆ ಎರಡು ವಾಕ್ಯ ಕೇಳಿ ಹೆಬ್ಬೆರಳು ಎಲ್ಲಿಡಬೇಕೆಂದು ನಿಮ್ಮ ಕೈಗೆ ಗೊತ್ತಾದರೆ ವಿವರಣೆ ಸರಿಯಿದೆ. ಗೊತ್ತಾಗದಿದ್ದರೆ ಯಾವ ಪದದ ಬಳಿ ಕೈ ಅನುಮಾನಿಸಿತೋ ಆ ಪದವನ್ನು ಬದಲಿಸಿ.